ಕೇಳಿದ್ದು ಸುಣ್ಣ, ನನಗೆ ಕೇಳಿಸಿದ್ದು ಬೋರ್ಡೋ

ಜೂನ್ ತಿಂಗಳ ಮೂರನೆಯ ವಾರ. ಮಳೆ ಹಿಡಿದು ಐದು ದಿನವಾಗಿತ್ತು, ಕರೆಂಟು ಹೋಗಿ ಎರಡು ದಿನ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದರೆಯ ಮೇಲೆ ಮಾತ್ರ. ಸಂಜೆ ನಾಲ್ಕರ ಹೊತ್ತಿಗೆ ಕೊಡೆ ಹಿಡಿದು ಅಲ್ಲಿ ನಿಂತು ಇಮೇಲ್ ತೆರೆದರೆ, ಬೆಳಿಗ್ಗೆ ಎಂಟಕ್ಕೆ ಬಂದಿದ್ದ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಬಗೆಗಿನ ಒಂದು ಪತ್ರ ಕಾಯುತ್ತಿತ್ತು: ‘ನೀವು ಬರೆದಂತೆಯೇ ಒಂದಕ್ಕೆ ಒಂದು ಹಾಕಿದ್ದೇವೆ. ಕತ್ತಿ ಕೆಂಪಾಗುತ್ತಿದೆ. ಔಷಧಿ ಹೊಡೆಯುವವರು ಬಂದು ಕುಳಿತಿದ್ದಾರೆ. ಹೊಡೆಸಲೇ, ಬೇಡವೇ?’

ಎಂಟು ಗಂಟೆ ತಡವಾಗಿ ನಾನು ಏನು ಉತ್ತರಿಸಿದರೂ ಅದು ಉತ್ತರವಲ್ಲ. ಅವರು ಹೊಡೆಸಿಯೇ ಬಿಟ್ಟಿದ್ದರು. ಎಳೆಯ ಕಾಯಿಗಳ ಮೇಲೆ ಸುಟ್ಟ ಕಲೆ ಬಿದ್ದಿತೆಂದು ಮರುವಾರ ಬರೆದರು. ಬೈದಿರಲಿಲ್ಲ. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಎರಡೂವರೆ ಎಕರೆ ಅಡಿಕೆ ತೋಟವಿದೆ. ತೋಟದಲ್ಲಿ ಮಾಡಿದ್ದನ್ನು, ಕೆಡಿಸಿಕೊಂಡದ್ದನ್ನು ಕೆಲವು ವರ್ಷಗಳಿಂದ ಬ್ಲಾಗಿನಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ವಿಷಯ ಬೇಕಲ್ಲ, ಅದಕ್ಕಾಗಿ ಮೊದಲೆಲ್ಲ ನನ್ನ ತಲೆಯನ್ನೇ ಕೆರೆಯುತ್ತಿದ್ದೆ. ಓದುಗರ ಪ್ರತಿಕ್ರಿಯೆ, ಇಮೇಲ್‌ಗಳಿಗೆ ‘ಧನ್ಯವಾದ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಮುಂದಿನ ಬರಹ ಆ ರಾಶಿಯಲ್ಲೇ ಬಿದ್ದಿದೆ ಎಂದು ತಿಳಿದದ್ದು ಈ ಕತ್ತಿಯ ಪತ್ರದಿಂದ. ಅದನ್ನು ಹೆಕ್ಕಿ ತೆಗೆದದ್ದು ಹೇಗೆ, ಎಲ್ಲೆಲ್ಲಿ ಎಡವಿದೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅಡಿಕೆಯ ನಂಟಿಲ್ಲದವರಿಗೆ ಎರಡು ಮಾತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ, ಬಲಿಯದ ಕಾಯಿ ಕೊಳೆತು ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದರು. ಅಂದಿನಿಂದ ಇಂದಿನವರೆಗೂ ನಮ್ಮ ಮುಖ್ಯ ಮದ್ದು ಶೇಕಡಾ ಒಂದರ ಬೋರ್ಡೋ ದ್ರಾವಣ. ಒಂದು ಕೆ.ಜಿ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಬೇಕು, ಕಲಕುತ್ತಾ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದ್ದರೆ ಸುಣ್ಣ ಸಾಲದೆಂದು ಅರ್ಥ. ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲು, ಎರಡನೆಯದು ಅಲ್ಲಿಂದ 40–45 ದಿನಕ್ಕೆ. ಇಷ್ಟನ್ನೂ ನಾನು ಬಹಳ ಹಿಂದೆಯೇ ಬರೆದಿದ್ದೆ. ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಓದಿದ್ದೂ ಅದನ್ನೇ, ಕೆಳಗೆ ಅತಿ ಹೆಚ್ಚು ಪ್ರಶ್ನೆಗಳು ಬಿದ್ದದ್ದೂ ಅದಕ್ಕೇ. ‘ಬರೆದದ್ದನ್ನು ಸರಿಯಾಗಿ ಓದದೆ ಕೇಳುತ್ತಾರೆ’ ಎಂದು ಮನೆಯವಳ ಹತ್ತಿರ ಗೊಣಗುತ್ತಿದ್ದೆ.

ಆ ಮಳೆಗಾಲ ಮುಗಿದ ಮೇಲೆ, ಅಡಿಕೆ ಸುಲಿಯುವ ಗಡಿಬಿಡಿ ಶುರುವಾಗುವ ಮುನ್ನ, ಒಂದು ವಾರ ರಾತ್ರಿ ಕುಳಿತು ಎಲ್ಲವನ್ನೂ ಒಂದು ಕಡೆ ತಂದೆ. ಬ್ಲಾಗಿನ ಪ್ರತಿಕ್ರಿಯೆಗಳು, ಇಮೇಲ್‌ಗಳು, ಮೊಬೈಲಿಗೆ ಬಂದ ಸಂದೇಶಗಳು. ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ತೆರೆದು ಸಾಲಿಗೊಂದರಂತೆ ಅಂಟಿಸಿದೆ. ಮೊದಲ ಕಂಬದಲ್ಲಿ ದಿನಾಂಕ, ಎರಡನೆಯದರಲ್ಲಿ ಅವರು ಬರೆದ ಮಾತು, ಮೂರನೆಯದರಲ್ಲಿ ಯಾವ ಬರಹ ಓದಿ ಕೇಳಿದರು ಎಂಬುದು, ನಾಲ್ಕನೆಯದರಲ್ಲಿ ಕೇಳುವ ಮೊದಲು ಅವರು ಏನು ಮಾಡಿದ್ದರು ಎಂಬುದು. ಹೆಸರು, ಊರು, ಫೋನ್ ನಂಬರ್ ಯಾವುದನ್ನೂ ಹಾಳೆಗೆ ತರಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಕಂಬದಲ್ಲಿ ಮೊದಲು ಒಂದು ತಪ್ಪು ಮಾಡಿದೆ. ಉದ್ದದ ಪತ್ರಗಳನ್ನು ನನ್ನ ಮಾತಿನಲ್ಲಿ ಚಿಕ್ಕದಾಗಿಸಿ ಬರೆದುಕೊಂಡೆ. ‘ಸುಣ್ಣದ ಪ್ರಮಾಣದ ಬಗ್ಗೆ ಪ್ರಶ್ನೆ’ ಎಂದೋ, ‘ಬೋರ್ಡೋ ತಯಾರಿ’ ಎಂದೋ. ಮೂವತ್ತು ಸಾಲು ಮುಗಿದಾಗ ನೋಡಿದರೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತಿದ್ದವು. ಓದುಗರ ಪ್ರಶ್ನೆಯನ್ನು ನಾನು ಆಗಲೇ ನನ್ನ ಹಳೆಯ ಬರಹದ ತಲೆಬರಹವಾಗಿ ಮಾರ್ಪಡಿಸಿಬಿಟ್ಟಿದ್ದೆ. ಎಲ್ಲ ಅಳಿಸಿ, ಅವರ ಮಾತನ್ನು ಅಕ್ಷರದೋಷದ ಸಮೇತ ಹಾಗೆಯೇ ಮತ್ತೆ ಅಂಟಿಸಿದೆ. ‘ಮೊಸರು ಒಡೆದ ಹಾಗೆ ಆಯಿತು’ ಎಂದು ಒಬ್ಬರು ಬರೆದಿದ್ದರು. ಇದನ್ನು ‘ದ್ರಾವಣದ ಗುಣಮಟ್ಟ’ ಎಂದು ಬರೆದುಕೊಂಡರೆ ಅದರಲ್ಲಿ ಮೊಸರೂ ಇಲ್ಲ, ಒಡೆದದ್ದೂ ಇಲ್ಲ.

ಹುಡುಕುವ ಕೆಲಸ ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಪ್ರಶ್ನಾರ್ಥಕ ಚಿಹ್ನೆ ಹುಡುಕಿದರೆ ಪ್ರಶ್ನೆಗಳು ಸಿಗುತ್ತವೆ ಎಂದುಕೊಂಡಿದ್ದೆ. ನಮ್ಮವರಲ್ಲಿ ಆ ಚಿಹ್ನೆ ಹಾಕುವವರು ಕಡಿಮೆ. ‘ಹೇಗೆ’, ‘ಎಷ್ಟು’ ಹುಡುಕೋಣವೆಂದರೆ ಅರ್ಧ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಇನ್ನು ಇಮೇಲ್‌ನ ಹುಡುಕುಪೆಟ್ಟಿಗೆ ಇಡೀ ಪದವನ್ನೇ ನೋಡುತ್ತದೆ. ‘ಸುಣ್ಣ’ ಎಂದು ಹುಡುಕಿದರೆ ‘ಸುಣ್ಣಕ್ಕೆ’, ‘ಸುಣ್ಣದ’ ಎಂದು ಬರೆದ ಪತ್ರಗಳು ಹೊರಗೇ ಉಳಿಯುತ್ತವೆ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಂಡೇ ಬರುವುದರಿಂದ ಇದು ಸಣ್ಣ ತೊಡಕಲ್ಲ. ಪತ್ರಗಳನ್ನು ಹಾಳೆಗೆ ಸುರಿಯಲು ಮುಖ್ಯ ಕಾರಣವೇ ಇದು, ಅಲ್ಲಿ ಪದದ ತುಂಡನ್ನೂ ಹುಡುಕಬಹುದು. ನಾನು ಬಳಸಿದ ಸೂತ್ರ ಹೀಗಿತ್ತು:

```
=FILTER(B2:B, REGEXMATCH(B2:B, "(?i)ಸುಣ್ಣ|sun+a|lime"))
```

ಗೆರೆಯಿಂದ ಬೇರ್ಪಟ್ಟ ಮೂರರಲ್ಲಿ ಯಾವುದಿದ್ದರೂ ಆ ಸಾಲು ಮೇಲೆ ಬರುತ್ತದೆ. `n+` ಎಂದರೆ ಒಂದು ಎನ್ ಇದ್ದರೂ ಸರಿ, ಎರಡಿದ್ದರೂ ಸರಿ. ಇಂಗ್ಲಿಷಿನಲ್ಲಿ ಸುನಂದಾ ಎಂದು ಸಹಿ ಮಾಡಿದ ಪತ್ರವೂ ಈ ಬಲೆಗೆ ಬೀಳುತ್ತದೆ, ಅದನ್ನು ಕೈಯಿಂದ ಬಿಡಿಸಿ ಬಿಟ್ಟರಾಯಿತು. ಉಕಾರದಲ್ಲಿ ಮುಗಿಯುವ ಪದವಾದರೆ ಕೊನೆಯ ಕೊಂಬನ್ನು ತೆಗೆದು ಹುಡುಕಬೇಕು. ‘ನೀರು’ ಎಂದು ಕೊಟ್ಟರೆ ‘ನೀರಿಗೆ’ ಸಿಗುವುದಿಲ್ಲ, ‘ನೀರ’ ಎಂದು ಕೊಟ್ಟರೆ ಎರಡೂ ಸಿಗುತ್ತವೆ. ಇದನ್ನು ನಾನು ಕಂಡುಕೊಂಡದ್ದು ಮೂರನೆಯ ರಾತ್ರಿ, ಹಿಂದಿನ ಎರಡು ರಾತ್ರಿಯ ಎಣಿಕೆಯನ್ನು ಹಾಳು ಮಾಡಿಕೊಂಡ ಮೇಲೆ. ಇನ್ನು, ನಿವೃತ್ತ ಮೇಷ್ಟ್ರೊಬ್ಬರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪು ಮಾಡಿ ಕಳುಹಿಸುತ್ತಿದ್ದರು. ಅದು ಹಾಳೆಯಲ್ಲಿ `PÀ£ÀßqÀ` ಎಂಬಂತೆ ಕಾಣುತ್ತದೆ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸಿ ಓದಿದರೆ, ಇಡೀ ಗುಂಪಿನಲ್ಲಿ ಅತ್ಯಂತ ಖಚಿತವಾಗಿ ಕೇಳಿದ್ದು ಅವರೇ ಆಗಿತ್ತು.

ಸೂತ್ರ ಹಿಡಿದುಕೊಡುವುದು ಪದಗಳನ್ನು ಮಾತ್ರ. ಪ್ರಶ್ನೆಯನ್ನು ಹಿಡಿಯಲು ಓದಲೇಬೇಕು, ಅದರಲ್ಲೂ ಮಲೆನಾಡಿನವರ ಪತ್ರಗಳನ್ನು ನಿಧಾನವಾಗಿ ಓದಬೇಕು. ನಮ್ಮಲ್ಲಿ ನೇರವಾಗಿ ಕೇಳುವುದು ಸ್ವಲ್ಪ ಸಂಕೋಚದ ವಿಷಯ. ‘ನಮ್ಮ ಕಡೆ ಹೀಗೆ ಆಗಲಿಲ್ಲ’ ಎಂದು ಒಬ್ಬರು ಬರೆದರೆ ಅದು ಆಕ್ಷೇಪಣೆಯಂತೆ ಕಾಣುತ್ತದೆ, ನಿಜವಾಗಿ ಅದು ‘ನಮ್ಮದು ಏಕೆ ಕೆಟ್ಟಿತು’ ಎಂಬ ಪ್ರಶ್ನೆ. ‘ಅಪ್ಪಯ್ಯನ ಕಾಲದಲ್ಲಿ ಇಷ್ಟೆಲ್ಲ ತೊಂದರೆ ಇರಲಿಲ್ಲ’ ಎಂಬ ಸಾಲನ್ನು ನಾನು ಮೊದಲು ಹಳಹಳಿಕೆ ಎಂದು ಬದಿಗಿಟ್ಟಿದ್ದೆ. ಎರಡನೆಯ ಸಲ ಓದುವಾಗ ಅದರ ಮುಂದಿನ ವಾಕ್ಯ ಕಣ್ಣಿಗೆ ಬಿತ್ತು: ‘ಆಗ ಸುಣ್ಣವನ್ನು ಭಟ್ಟಿಯಿಂದ ತರುತ್ತಿದ್ದರು.’ ಇದರಲ್ಲಿ ಪ್ರಶ್ನೆಯೂ ಇತ್ತು, ಉತ್ತರದ ಅರ್ಧವೂ ಇತ್ತು.

ಬೋರ್ಡೋ ಬಗೆಗಿನ ಸಾಲುಗಳು ಒಟ್ಟು 26 ಇದ್ದವು. ಮೊದಲು ಎಲ್ಲವನ್ನೂ ಒಂದೇ ಗುಂಪಿನಲ್ಲಿಟ್ಟು, ಹಳೆಯ ಬರಹವನ್ನೇ ಇನ್ನಷ್ಟು ವಿವರವಾಗಿ ಬರೆದರಾಯಿತು ಎಂದುಕೊಂಡೆ. ಬರೆಯಲು ಕೂಡ ಕುಳಿತೆ. ಎರಡು ಪ್ಯಾರಾ ಆಗುವಷ್ಟರಲ್ಲಿ ಬೇಸರವಾಯಿತು, ಏಕೆಂದರೆ ಹೇಳಿದ್ದನ್ನೇ ಹೇಳುತ್ತಿದ್ದೆ. ಆಗ ನಾಲ್ಕನೆಯ ಕಂಬ, ಅಂದರೆ ಕೇಳುವ ಮೊದಲು ಅವರು ಏನು ಮಾಡಿದ್ದರು ಎಂಬುದು, ನೆರವಿಗೆ ಬಂತು. ವಿಷಯದ ಹೆಸರಿನಿಂದ ವಿಂಗಡಿಸುವುದನ್ನು ಬಿಟ್ಟು, ಕೆಲಸದ ಯಾವ ಹಂತದಲ್ಲಿ ಅವರ ಕೈ ನಿಂತಿತು ಎಂಬುದರಿಂದ ವಿಂಗಡಿಸಿದೆ.

ಐದು ಜನ ಬರೀ ಲೆಕ್ಕದಲ್ಲಿ ನಿಂತಿದ್ದರು. ಅವರ ಬ್ಯಾರೆಲ್ 200 ಲೀಟರಿನದು, ನನ್ನ ಬರಹ 100 ಲೀಟರಿನದು. ಎರಡೆರಡು ಕೆ.ಜಿ. ಎಂದು ಹಳೆಯ ಬರಹಕ್ಕೆ ಒಂದು ಸಾಲು ಸೇರಿಸಿದರೆ ಮುಗಿಯಿತು, ಅದಕ್ಕೆ ಹೊಸ ಬರಹ ಬೇಡ. ನಾಲ್ವರು ನಿನ್ನೆ ಉಳಿದ ದ್ರಾವಣವನ್ನು ಇಂದು ಹೊಡೆಯಬಹುದೇ ಎಂದು ಕೇಳಿದ್ದರು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು ಎಂದು ಇನ್ನೊಂದು ಸಾಲು. ಮೂವರು ಬೇರೆ ಔಷಧಿಯನ್ನು ಇದರ ಜೊತೆ ಬೆರೆಸುವ ಬಗ್ಗೆ ಕೇಳಿದ್ದರು. ಬೋರ್ಡೋ ಕ್ಷಾರದ ಗುಣದ್ದು, ಅನೇಕ ಕೀಟನಾಶಕಗಳು ಅದರಲ್ಲಿ ಕೆಡುತ್ತವೆ. ಇಂಥದ್ದಕ್ಕೆ ನನ್ನ ಅನುಭವ ಸಾಲದು, ತೋಟಗಾರಿಕೆ ಇಲಾಖೆಯವರನ್ನು ಕೇಳಿ ಎಂದು ಮೂವರಿಗೂ ಪತ್ರ ಬರೆದೆ. ಇದರ ಮೇಲೆ ಬರಹ ಮಾಡಿದ್ದರೆ ಚೆನ್ನಾಗಿ ಓಡುತ್ತಿತ್ತು. ಆದರೆ ಯಾರದೋ ತೋಟದ ಮೇಲೆ ನಾನು ಪರೀಕ್ಷೆ ಮಾಡಿದಂತಾಗುತ್ತಿತ್ತು.

ಉಳಿದ 14 ಸಾಲುಗಳನ್ನು ನೋಡಿ. ‘ಒಂದಕ್ಕೆ ಒಂದು ಹಾಕಿಯೂ ಕತ್ತಿ ಕೆಂಪಾಯಿತು.’ ‘ನಾಜಲ್ ಪದೇ ಪದೇ ಕಟ್ಟಿಕೊಳ್ಳುತ್ತದೆ.’ ‘ಮೊಸರು ಒಡೆದ ಹಾಗೆ ಆಯಿತು, ಕೆಳಗೆ ಕೂರುತ್ತದೆ.’ ‘ಅಂಗಡಿಯ ಸುಣ್ಣದ ಪುಡಿ ಆಗುತ್ತದೆಯೇ.’ ‘ಹೋದ ವರ್ಷದ ಅರ್ಧ ಪ್ಯಾಕೆಟ್ ಇದೆ.’ ‘ಕಾಯಿಯ ಮೇಲೆ ಕಲೆ ಬಿತ್ತು.’ ಒಂದು ನಾಜಲಿನ ಪ್ರಶ್ನೆ, ಒಂದು ಕತ್ತಿಯದು, ಒಂದು ಅಂಗಡಿಯದು. ಸುಣ್ಣ ಎಂಬ ಪದ ಇದ್ದದ್ದು ಇವುಗಳಲ್ಲಿ ಏಳರಲ್ಲಿ ಮಾತ್ರ, ಅಂದರೆ ನನ್ನ ಸೂತ್ರ ಅರ್ಧವನ್ನಷ್ಟೇ ಹಿಡಿದಿತ್ತು. ಆದರೂ ಹದಿನಾಲ್ಕೂ ನಿಂತದ್ದು ಒಂದೇ ಕಡೆ. ಅವರ ಸುಣ್ಣ ಸುಣ್ಣವಾಗಿ ಉಳಿದಿರಲಿಲ್ಲ. ‘ಸುಣ್ಣ ಹಳೆಯದಾದರೆ ಏನಾಗುತ್ತದೆ’ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ, ಕೇಳಬೇಕಾಗಿದ್ದುದು ಮಾತ್ರ ಎಲ್ಲರೂ ಅದನ್ನೇ.

ಇಷ್ಟು ಹೊಳೆದ ಮೇಲೂ ಅದು ಬರೀ ಊಹೆ. ಬರೆಯುವ ಮೊದಲು ನೋಡೋಣವೆಂದು ಮೂರು ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡೆ. ತಲಾ ಹತ್ತು ಲೀಟರ್ ನೀರು, 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಒಂದಕ್ಕೆ ಅಟ್ಟದ ಮೇಲಿದ್ದ, ಬಾಯಿ ಬಿಚ್ಚಿದ ಹಳೆಯ ಪ್ಯಾಕೆಟ್. ಎರಡನೆಯದಕ್ಕೆ ಅಂಗಡಿಯಿಂದ ತಂದ ಹೊಸ ಪುಡಿ. ಮೂರನೆಯದಕ್ಕೆ ಪೇಟೆಯಲ್ಲಿ ಹುಡುಕಿ ತಂದ ಸುಟ್ಟ ಸುಣ್ಣದ ಗಟ್ಟಿ, ಅದು ನೀರಿಗೆ ಬಿದ್ದ ಕೂಡಲೇ ಬುಸುಗುಟ್ಟಿ ಕುದಿದು ಒಡೆದು ಹಿಟ್ಟಾಯಿತು. ಹಳೆಯ ಪ್ಯಾಕೆಟಿನ ಪುಡಿಗೆ ನೀರು ಹಾಕಿದರೆ ಕೈಗೆ ಬೆಚ್ಚಗೂ ಆಗಲಿಲ್ಲ.

ಮೊದಲ ಬಕೆಟ್‌ನಲ್ಲಿ ಕತ್ತಿ ಕೆಂಪಾಯಿತು, ಉಳಿದೆರಡರಲ್ಲಿ ಇಲ್ಲ. ಹಳೆಯ ಸುಣ್ಣವನ್ನು 25 ಗ್ರಾಂ, 25 ಗ್ರಾಂ ಎಂದು ಸೇರಿಸುತ್ತಾ ಹೋದೆ, ಮೂರನೆಯ ಸಲಕ್ಕೆ ಕೆಂಪು ನಿಂತಿತು. ಆದರೆ ಅಷ್ಟು ಹೊತ್ತಿಗೆ ಬಕೆಟ್ಟಿನ ತಳದಲ್ಲಿ ಮರಳಿನಂಥ ಗಸಿ ಕೂತಿತ್ತು. ನಾಜಲ್ ಕಟ್ಟುವುದು ಏಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯ ಬಕೆಟ್ಟಿನದು ಮಾತ್ರ ತೆಳ್ಳಗಿನ ಮಜ್ಜಿಗೆಯಂತೆ ಬಹಳ ಹೊತ್ತು ತಿಳಿಯಾಗದೆ ನಿಂತಿತ್ತು.

ಕಾರಣವನ್ನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಭಾವ ಬಿಡಿಸಿ ಹೇಳಿದರು. ಸುಟ್ಟ ಸುಣ್ಣ ತೇವ ಹೀರಿ ಅರಳುತ್ತದೆ, ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಮತ್ತೆ ಕಲ್ಲಿನ ಜಾತಿಗೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಹಿಂದಿರುಗುತ್ತದೆ. ತೂಕ ಇಳಿಯುವುದಿಲ್ಲ, ಏರುತ್ತದೆ. ತಕ್ಕಡಿಗೆ ಅದು ಈಗಲೂ ಒಂದು ಕೆ.ಜಿ., ತುತ್ತದ ಹುಳಿಯನ್ನು ಮುರಿಯುವ ಕೆಲಸಕ್ಕೆ ಮಾತ್ರ ಅಲ್ಲ. ಕತ್ತಿಗೆ ಹತ್ತುವ ಕೆಂಪು ತಾಮ್ರವೇ. ಸುಣ್ಣ ಹಿಡಿದಿಡದೆ ಬಿಟ್ಟ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅದೇ ತಾಮ್ರ ಎಳೆಯ ಕಾಯಿಯನ್ನು ಸುಡುತ್ತದೆ. ‘ಇನ್ನೊಂದು ವಿಷಯ ಗೊತ್ತಾ?’ ಎಂದರು ಭಾವ. ‘ಒಳ್ಳೆಯ ಸುಣ್ಣವಾದರೆ ಒಂದು ಕೆ.ಜಿ. ತುತ್ತಕ್ಕೆ ಕಾಲು ಕೆ.ಜಿ. ಕೂಡ ಹುಳಿ ಮುರಿಯಲು ಸಾಕು. ಒಂದಕ್ಕೆ ಒಂದು ಎನ್ನುವುದರಲ್ಲಿ ಧಾರಾಳವಾಗಿ ಹೆಚ್ಚುವರಿ ಇದೆ. ಅಷ್ಟಿದ್ದೂ ಕೆಂಪಾಯಿತೆಂದರೆ ಆ ಸುಣ್ಣದಲ್ಲಿ ಜೀವವೇ ಇಲ್ಲ ಎಂದು ತಿಳಿ.’ ಹಾಗೆಂದು ಕಾಲು ಕೆ.ಜಿ.ಗೆ ಇಳಿಸಬೇಡಿ ಎಂದೂ ಅವರೇ ಹೇಳಿದರು, ಏಕೆಂದರೆ ಯಾವ ಸುಣ್ಣದಲ್ಲಿ ಎಷ್ಟು ಜೀವ ಉಳಿದಿದೆ ಎಂದು ನೋಡಿ ಹೇಳಲು ಬರುವುದಿಲ್ಲ.

ಹೊಸ ಬರಹದ ತಲೆಬರಹವನ್ನು ನಾನು ಕಟ್ಟಲಿಲ್ಲ, ಪತ್ರದಿಂದಲೇ ಎತ್ತಿಕೊಂಡೆ: ‘ಒಂದಕ್ಕೆ ಒಂದು ಹಾಕಿಯೂ ಕತ್ತಿ ಕೆಂಪಾಯಿತು, ಏಕೆ?’ ಮುಂದೆ ಮೊಬೈಲಿನಲ್ಲಿ ಹುಡುಕುವವರೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಹುಡುಕುತ್ತಾರೆ ಎಂಬ ಲೆಕ್ಕಾಚಾರವೂ ಇತ್ತು. ಮೊದಲ ಪ್ಯಾರಾದಲ್ಲೇ, ಬ್ಯಾರೆಲ್ ಮುಂದೆ ನಿಂತವರು ಮಾಡಬೇಕಾದದ್ದನ್ನು ಬರೆದೆ: ಸುಣ್ಣದ ತಿಳಿಹಾಲನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಪ್ರತಿ ಸಲವೂ ಅಲಗನ್ನು ತಿಕ್ಕಿ ಅದ್ದಿ ನೋಡಿ, ಕೆಂಪು ನಿಂತ ಮೇಲೆ ಬಟ್ಟೆಯಲ್ಲಿ ಸೋಸಿ ಹೊಡೆಸಿ. ಸುಟ್ಟ ಸುಣ್ಣದ ಗಟ್ಟಿ ಕೊಳ್ಳುವಾಗ ಒಂದು ಚೂರನ್ನು ನೀರಿಗೆ ಹಾಕಿ ನೋಡುವುದು, ಗಾಳಿಯಾಡದ ಡಬ್ಬದಲ್ಲಿ ಇಡುವುದು, ಇಂಗಾಲದ ಕಥೆ, ಬಕೆಟ್ಟಿನ ಕಥೆ ಎಲ್ಲ ಆಮೇಲೆ. ಔಷಧಿಯವರನ್ನು ಕೂರಿಸಿಕೊಂಡು ಓದುವವನಿಗೆ ನನ್ನ ಭಾವನ ಪಾಠ ಬೇಕಾಗಿಲ್ಲ.

ಹಾಗೆ ಮುಂದಕ್ಕೆ ತಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹದಿನಾಲ್ಕು ಪತ್ರಗಳಲ್ಲಿ ಒಂಬತ್ತು ಬೆಂಗಳೂರಿನಿಂದ ಬಂದವು. ತೋಟ ಇಲ್ಲಿ, ಮಗ ಅಲ್ಲಿ. ಊರಿನಿಂದ ಅಪ್ಪಯ್ಯ ಫೋನ್ ಮಾಡಿ ‘ಕತ್ತಿ ಕೆಂಪಾಗುತ್ತಿದೆ ನೋಡು ಮಾರಾಯ’ ಎನ್ನುತ್ತಾರೆ, ಮಗ ಕಚೇರಿಯಲ್ಲಿ ಕುಳಿತು ನನಗೆ ಬರೆಯುತ್ತಾನೆ. ಓದುವವನೊಬ್ಬ, ಕದಡುವವನು ಇನ್ನೊಬ್ಬ. ಆದ್ದರಿಂದ ಮೊದಲ ಪ್ಯಾರಾವನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಅರ್ಥವಾಗುವಂತೆ, ಚಿಕ್ಕ ವಾಕ್ಯಗಳಲ್ಲಿ ಬರೆದೆ. ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುವ ಹುಡುಗನಿಗೆ ಓದಿ ಹೇಳಿ, ಅವನು ಎಲ್ಲಿ ‘ಆಂ?’ ಎಂದನೋ ಆ ವಾಕ್ಯ ತಿದ್ದಿದೆ. ‘ತಟಸ್ಥವಾಗುವವರೆಗೆ’ ಎಂದು ಬರೆದಿದ್ದೆ. ಅವನು ಕೇಳಿದ, ‘ಅಂದರೆ ಸುಮ್ಮನೆ ನಿಲ್ಲುವವರೆಗಾ?’ ಆ ಪದ ಹೋಯಿತು.

ಆ ಹುಡುಗ ಎಂದೂ ನನಗೆ ಪತ್ರ ಬರೆದವನಲ್ಲ, ಬರೆಯುವವನೂ ಅಲ್ಲ. ಈ ಹಾಳೆಯ ದೊಡ್ಡ ಕೊರತೆ ಅದೇ. ಬರೆದು ಕೇಳಬಲ್ಲವರ ತೊಡಕು ಮಾತ್ರ ಅದರಲ್ಲಿ ದಾಖಲಾಗುತ್ತದೆ. ಸುಣ್ಣ ಸಿಡಿದು ಕಣ್ಣುರಿ ಬಂದದ್ದು, ಕೈ ಒಡೆದದ್ದು ಒಂದು ಸಾಲಿನಲ್ಲೂ ಇರಲಿಲ್ಲ, ಅವನನ್ನು ಕೇಳಿದರೆ ಮೊದಲು ಹೇಳಿದ್ದು ಅದನ್ನೇ. ಈಗ ತೋಟದಲ್ಲಿ, ಸೊಸೈಟಿಯ ಜಗುಲಿಯಲ್ಲಿ ಕೇಳಿಸಿಕೊಂಡ ಪ್ರಶ್ನೆಗಳನ್ನೂ ಮನೆಗೆ ಬಂದು ಅದೇ ಹಾಳೆಗೆ ಸೇರಿಸುತ್ತೇನೆ.

ಹೆಸರು, ಊರು ಬೇಡವೆಂದದ್ದಕ್ಕೆ ಕಾರಣ ಹೇಳುತ್ತೇನೆಂದಿದ್ದೆ. ಅದಕ್ಕೂ ಹಿಂದೆ ಒಮ್ಮೆ ಒಬ್ಬರ ಇಮೇಲ್ ಆಧರಿಸಿ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಆದರೆ ಯಾವ ಹೊಳೆಯ ಪಕ್ಕದ ತೋಟ, ಎಷ್ಟು ಎಕರೆ, ಆ ವರ್ಷ ಎಷ್ಟು ಅಡಿಕೆ ಉದುರಿತು ಎಂದೆಲ್ಲ ಇತ್ತು. ನಮ್ಮ ಕಡೆ ಒಂದು ಹೊಳೆ, ಒಂದು ಎಕರೆ ಲೆಕ್ಕ ಸಿಕ್ಕಿದರೆ ಮನೆಯ ಹೆಸರು ಬೇಕಿಲ್ಲ. ಎರಡೇ ದಿನದಲ್ಲಿ ಯಾರೆಂದು ಊರಿಗೆಲ್ಲ ಗೊತ್ತಾಯಿತು. ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ ಅವರು ನನ್ನ ಎದುರಿಗೇ ಕುಳಿತಿದ್ದರು, ಮಾತನಾಡಲಿಲ್ಲ. ಬರಹ ತೆಗೆದು ಹಾಕಿ ಕ್ಷಮೆ ಕೇಳಿದೆ. ಈಗ ಇಮೇಲ್‌ನಲ್ಲಿ ಬಂದ ಪ್ರಶ್ನೆಗೆ ಮೊದಲು ಅವರಿಗೇ ಉತ್ತರಿಸಿ, ‘ಇದನ್ನು ಯಾರದೆಂದು ತಿಳಿಯದಂತೆ ಬರೆಯಲೇ’ ಎಂದು ಕೇಳುತ್ತೇನೆ. ಎಲ್ಲರ ಕಣ್ಣಿಗೂ ಬೀಳುವಂತೆ ಪ್ರತಿಕ್ರಿಯೆ ಹಾಕಿದವರ ವಿಷಯ ಬೇರೆ, ಆದರೂ ತೋಟದ ಗುರುತು ಬಿಟ್ಟುಬಿಡುತ್ತೇನೆ.

ಯಾವಾಗ ಪ್ರಕಟಿಸಬೇಕೆಂಬುದನ್ನು ದಿನಾಂಕದ ಕಂಬವೇ ಹೇಳಿತು. ಕತ್ತಿ, ನಾಜಲ್‌ಗಳ ಪ್ರಶ್ನೆಗಳೆಲ್ಲ ಜೂನ್, ಜುಲೈ ತಿಂಗಳಿನವು. ಆದರೆ ಸುಣ್ಣ ಕೊಳ್ಳುವುದು ಮೇ ತಿಂಗಳಲ್ಲಿ. ಪ್ರಶ್ನೆ ಬರುವ ಹೊತ್ತಿಗೆ ಉತ್ತರದ ಹೊತ್ತು ಮೀರಿರುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಬರೆದದ್ದನ್ನು ಮೇ ಮೊದಲ ವಾರದವರೆಗೆ ಹಿಡಿದಿಟ್ಟೆ. ಪ್ರಕಟವಾದ ದಿನ ಹದಿನಾಲ್ಕು ಜನರಿಗೂ ಒಬ್ಬೊಬ್ಬರಿಗಾಗಿ ಪತ್ರ ಬರೆದು, ‘ನೀವು ಕೇಳಿದ್ದು ಇದೇ ತಾನೇ’ ಎಂದು ವಿಚಾರಿಸಿದೆ. ಕತ್ತಿಯ ಪತ್ರದವರು ಆ ವರ್ಷ ಹೊಸ ಸುಣ್ಣ ತಂದು, ಅಲಗಿನ ಚಿತ್ರವನ್ನೇ ಕಳುಹಿಸಿದರು. ಕೆಂಪಿರಲಿಲ್ಲ. ಆ ಮಳೆಗಾಲದಲ್ಲಿ ಕತ್ತಿಯ ಬಗ್ಗೆ ಬಂದ ಪತ್ರ ಎರಡೇ. ಪ್ರಶ್ನೆಗಳೇನೂ ಕಡಿಮೆಯಾಗಲಿಲ್ಲ, ಮುಂದಿನ ಹಂತಕ್ಕೆ ಹೋದವು: ಮಳೆ ಬಿಡದಿದ್ದರೆ ಎರಡನೆಯ ಸಿಂಪರಣೆ ಯಾವಾಗ, ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂದರೆ ಮತ್ತೆ ಹೊಡೆಯಬೇಕು. ಹಾಳೆಯಲ್ಲಿ ಈಗ ಅವುಗಳದೇ ಗುಂಪು ಬೆಳೆಯುತ್ತಿದೆ.

ಹದಿನಾಲ್ವರಲ್ಲಿ ಒಬ್ಬರು ಮಾತ್ರ, ನಾಜಲ್ ಕಟ್ಟುತ್ತದೆ ಎಂದು ಬರೆದಿದ್ದವರು, ‘ಚೆನ್ನಾಗಿ ಬರೆದಿದ್ದೀರಿ, ಆದರೆ ನಾನು ಕೇಳಿದ್ದು ಇದಲ್ಲ’ ಎಂದು ಉತ್ತರಿಸಿದರು. ಅವರ ಹಳೆಯ ಪತ್ರವನ್ನು ಮತ್ತೆ ತೆಗೆದು ಓದಿದೆ. ನಾಜಲಿನ ಸಾಲಿನ ನಂತರ ಇನ್ನೊಂದು ಸಾಲಿತ್ತು: ‘ಅದು ಕಟ್ಟಿಕೊಂಡು ಹೊತ್ತು ಹೋಗುತ್ತದೆ, ಮರ ಹತ್ತುವ ಒಬ್ಬನೇ ಮಧ್ಯಾಹ್ನಕ್ಕೆ ಇನ್ನೊಂದು ತೋಟಕ್ಕೆ ಹೋಗುತ್ತಾನೆ.’ ಅವರಿಗೆ 65 ದಾಟಿದೆಯಂತೆ, ದೋಟಿ ಹಿಡಿದು ಹೊಡೆಯಲು ರಟ್ಟೆ ಬರುವುದಿಲ್ಲ. ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸೋಣವೆಂದರೆ ಅದಕ್ಕೂ ಮರ ಹತ್ತುವವನೇ ಬೇಕು. ಆ ಸಾಲಿನ ಮುಂದಿದ್ದ ‘ಉತ್ತರಿಸಿದೆ’ ಎಂಬುದನ್ನು ಅಳಿಸಿದ್ದೇನೆ. ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ.